ಡ್ರಾಯರ್ ಸೇರಿದ್ದ ಮೆಷಿನ್: ದೇಣಿಗೆ ವಿಡಿಯೊ ಸ್ಕ್ರಿಪ್ಟ್

[ಪರದೆ ಕಪ್ಪು. ಕುಂಯ್ ಅನ್ನೋ ಸಣ್ಣ ಸಿಳ್ಳೆ, 4 ಸೆಕೆಂಡ್.]

ನಿರೂಪಕಿ: ಕಿರಿಕಿರಿ ಆಯ್ತು ಅಲ್ವಾ? ಇದು ಕಿವಿ ಮೆಷಿನ್ ಸದ್ದು. ಮೆಷಿನ್ ಕೆಟ್ಟಿಲ್ಲ, ಚೆನ್ನಾಗೇ ಇದೆ.

[ಡ್ರಾಯರ್ ತೆರೆಯುತ್ತದೆ. ಕರ್ಚೀಫಿನಲ್ಲಿ ಸುತ್ತಿಟ್ಟ ಎರಡು ಹಿಯರಿಂಗ್ ಏಡ್.]

ನಿರೂಪಕಿ: ಈ ಮೆಷಿನ್ ಮೂರು ವರ್ಷದ ಒಬ್ಬ ಹುಡುಗಿಯದು. ಹೆಸರು ಬೇಡ ಅಂದರು ಅವರಮ್ಮ, ಮುಖವೂ ತೋರಿಸಲ್ಲ. ಯಾರೋ ಪುಣ್ಯಾತ್ಮರು ದಾನ ಕೊಟ್ಟ ಮೆಷಿನ್ ಅದು, ಕೊಟ್ಟ ದಿನ ಫೋಟೊ ತೆಗೆದರು, ಎಲ್ಲರೂ ಚಪ್ಪಾಳೆ ತಟ್ಟಿದರು. ಆರು ತಿಂಗಳಾಗೋ ಹೊತ್ತಿಗೆ ಅದು ಡ್ರಾಯರ್ ಸೇರಿತ್ತು.

[ಕ್ಲೋಸಪ್: ಅಂಗೈ ಮೇಲೆ ಮೆತ್ತನೆಯ ಗುಲಾಬಿ ಅಚ್ಚು.]

ನಿರೂಪಕಿ: ಕಾರಣ ಇದು. ಇಯರ್ ಮೋಲ್ಡ್. ಮೆಷಿನ್‌ನಿಂದ ಬರೋ ಸದ್ದನ್ನು ಕಿವಿಯೊಳಗೆ ಮುಟ್ಟಿಸೋದು ಇದೇ. ಮಗು ಬೆಳೆದ ಹಾಗೆ ಕಿವಿಯೂ ಬೆಳೆಯುತ್ತೆ, ಅಚ್ಚು ಮಾತ್ರ ಬೆಳೆಯಲ್ಲ. ಅದು ಸಡಿಲ ಆದ ಕೂಡಲೇ ಸದ್ದು ಹೊರಗೆ ಸೋರಿ, ಮತ್ತೆ ಮೈಕಿಗೇ ಹೋಗಿ, ಆಗಲೇ ಕೇಳಿದ್ರಲ್ಲ, ಆ ಸಿಳ್ಳೆ ಶುರುವಾಗುತ್ತೆ. ಅಕ್ಕಪಕ್ಕದವರು ತಿರುಗಿ ನೋಡ್ತಾರೆ ಅಂತ ಅಮ್ಮ ವಾಲ್ಯೂಮ್ ಕಮ್ಮಿ ಮಾಡಿದರು. ಇನ್ನೂ ಕಮ್ಮಿ ಮಾಡಿದರು. ಕೊನೆಗೆ ತೆಗೆದೇ ಇಟ್ಟರು. ಅವರ ತಪ್ಪೇನೂ ಇಲ್ಲ, ಅಚ್ಚು ಬದಲಾಯಿಸಬೇಕು ಅಂತ ಯಾರೂ ಹೇಳಿರಲಿಲ್ಲ. (ನಿಜ ಹೇಳ್ತೀನಿ, ಮೊದಲು ನಾವೂ ಮೆಷಿನ್ ಕೊಟ್ಟು ಸುಮ್ನೆ ಬಂದುಬಿಡ್ತಿದ್ದೆವು.)

[ಹಿಂದಿನಿಂದ ಶಾಟ್: ಅಮ್ಮನ ತೊಡೆ ಮೇಲೆ ಮಗು.]

ನಿರೂಪಕಿ: ಹೊಸ ಅಚ್ಚು ತೆಗೆಯೋದು ಹೀಗೆ. ಕಿವಿಯೊಳಗೆ ದಾರ ಕಟ್ಟಿದ ಹತ್ತಿಯ ಸಣ್ಣ ತುಂಡು, ಅದರ ಮೇಲೆ ಸಿರಿಂಜಿನಿಂದ ಹಿಟ್ಟಿನಂಥ ಸಿಲಿಕೋನ್. ಗಟ್ಟಿಯಾಗೋಕೆ ಕೆಲವೇ ನಿಮಿಷ, ಆದರೆ ಮೂರು ವರ್ಷದ ಮಗು ಅಷ್ಟು ಹೊತ್ತು ಅಲುಗಾಡದೆ ಕೂರಬೇಕಲ್ಲ! ಹೊರಗೆ ಬಂದ ತುಂಡನ್ನು ನೋಡಿ ಅವಳು ಅದು ನಂಗೇ ಬೇಕು ಅಂತ ಕೈ ಚಾಚಿದಳು. ಲ್ಯಾಬಿಗೆ ಕಳಿಸಬೇಕಿತ್ತು, ಸಮಾಧಾನ ಮಾಡೋಷ್ಟರಲ್ಲಿ ಸಾಕಾಯ್ತು.

[ಪುಟ್ಟ ಪಾದಗಳು. ಕೀಂ ಕೀಂ ಅನ್ನೋ ಚಪ್ಪಲಿ.]

ನಿರೂಪಕಿ: ಹೊಸ ಅಚ್ಚು ಹಾಕಿದ ದಿನ ಅವಳು ತನ್ನ ಚಪ್ಪಲಿ ಸದ್ದು ಕೇಳಿ ನಿಂತುಬಿಟ್ಟಳು. ಬಗ್ಗಿ ನೋಡಿದಳು. ಮತ್ತೊಂದು ಹೆಜ್ಜೆ ಇಟ್ಟಳು. ಆಮೇಲೆ ಆ ಕಾರಿಡಾರ್‌ನಲ್ಲಿ ಎಷ್ಟು ಸಲ ಓಡಾಡಿದಳೋ ಲೆಕ್ಕವಿಲ್ಲ.

ನಮ್ಮ ಪಟ್ಟಿಯಲ್ಲಿ ಇನ್ನೂ 26 ಮಕ್ಕಳಿದ್ದಾರೆ. ಎಲ್ಲರ ಹತ್ತಿರವೂ ಮೆಷಿನ್ ಇದೆ, ಸರಿ ಕೂರೋ ಅಚ್ಚಿಲ್ಲ. ನಿಮ್ಮಿಂದ ಹೊಸ ಮೆಷಿನ್ ಬೇಡ. ಒಂದು ಮಗುವಿನ ಒಂದು ವರ್ಷದ ಅಚ್ಚಿನ ಖರ್ಚು ಕೊಡಿ: ಎರಡು ಕಿವಿ, ಎರಡು ಸಲ, ಒಟ್ಟು 4 ಅಚ್ಚು. ವಿಡಿಯೊ ಕೆಳಗೆ ಒಂದೇ ಬಟನ್ ಇದೆ, ಅದರಲ್ಲಿ ಇಷ್ಟೇ ಮೊತ್ತ ಇದೆ. ಒಬ್ಬರಿಗೇ ಜಾಸ್ತಿ ಅನಿಸಿದರೆ ಗೆಳೆಯರ ಜೊತೆ ಹಂಚಿಕೊಳ್ಳಿ. 26 ಆದ ದಿನ ಆ ಬಟನ್ ತೆಗೆದುಬಿಡ್ತೀವಿ.

[ಪರದೆ ಮೇಲೆ: 1 ಮಗು. 1 ವರ್ಷ. 4 ಅಚ್ಚು. ಹಿನ್ನೆಲೆಯಲ್ಲಿ ಚಪ್ಪಲಿ ಸದ್ದು ಮಾತ್ರ.]