ವಿಷಯ: ಕೇಳದ ಕಾಲರ್ ಟ್ಯೂನ್‌ಗೆ ಪದೇಪದೇ ಹಣ ಕಡಿತ – ಸೇವೆ ನಿಲ್ಲಿಸಿ ಹಣ ಮರಳಿಸುವ ಬಗ್ಗೆ

ಗ್ರಾಹಕ ದೂರು ವಿಭಾಗದವರಿಗೆ,

ಮಾನ್ಯರೇ,

ಈ ಇಮೇಲ್‌ಗೆ ನೋಂದಣಿಯಾಗಿರುವ ನನ್ನ ಪ್ರೀಪೇಯ್ಡ್ ನಂಬರಿನಿಂದ ಏಪ್ರಿಲ್ 6, ಮೇ 6 ಮತ್ತು ಜೂನ್ 5ರಂದು ತಲಾ 36 ರೂಪಾಯಿಯಂತೆ ಒಟ್ಟು 108 ರೂಪಾಯಿ ಕಡಿತವಾಗಿದೆ. ಕಾರಣ: ಕಾಲರ್ ಟ್ಯೂನ್. ಅದನ್ನು ನಾನು ಕೇಳಿಯೇ ಇಲ್ಲ, ಎರಡೂ ಅರ್ಥದಲ್ಲಿ! ನನ್ನ ನಂಬರಿಗೆ ಹಾಡು ಬರುತ್ತಿದೆ ಎಂದು ತಂಗಿ ಹೇಳಿದ ಮೇಲೆಯೇ ನನಗೆ ಗೊತ್ತಾದದ್ದು.

ಮೇ 7ರಂದು ಕಸ್ಟಮರ್ ಕೇರ್‌ಗೆ ಕರೆ ಮಾಡಿದಾಗ ‘ನೀವೇ ಒಂದು ಒತ್ತಿರಬೇಕು’ ಎಂದರು. ಸೇವೆ ತೆಗೆದಿದ್ದೇವೆ ಎಂದೂ ಹೇಳಿದರು. ಆದರೂ ಜೂನ್‌ನಲ್ಲಿ ಮತ್ತೆ ಕಡಿತ. ಮೌಲ್ಯವರ್ಧಿತ ಸೇವೆ ಆರಂಭಿಸಲು ಗ್ರಾಹಕರಿಂದ ಎರಡು ಬಾರಿ ಒಪ್ಪಿಗೆ ಪಡೆಯಬೇಕೆಂಬ ಟ್ರಾಯ್ ನಿರ್ದೇಶನ 2013ರಿಂದಲೂ ಇದೆ. ನನ್ನ ಆ ಎರಡು ಒಪ್ಪಿಗೆಗಳ ದಿನಾಂಕ, ಸಮಯ, ದಾಖಲೆ ಕಳುಹಿಸಿ. ಇಲ್ಲದಿದ್ದರೆ 108 ರೂಪಾಯಿಯನ್ನೂ ಮುಖ್ಯ ಬ್ಯಾಲೆನ್ಸ್‌ಗೆ ಮರಳಿಸಿ. ಬೋನಸ್ ಡೇಟಾ ಬೇಡ.

ನಿನ್ನೆ 155223ಕ್ಕೂ ಕರೆ ಮಾಡಿ ಸೇವೆ ರದ್ದುಪಡಿಸಲು ಕೋರಿದ್ದೇನೆ. ಕಡಿತದ ಮೂರೂ ಸಂದೇಶಗಳ ಸ್ಕ್ರೀನ್‌ಶಾಟ್ ಲಗತ್ತಿಸಿದೆ. ಡಾಕೆಟ್ ಸಂಖ್ಯೆ ತಿಳಿಸಿ. ಪರಿಹಾರ ಸಿಗದಿದ್ದರೆ ನಿಮ್ಮ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗುತ್ತೇನೆ.

ಇಂತಿ,
ನಿಮ್ಮ ಪ್ರೀಪೇಯ್ಡ್ ಗ್ರಾಹಕ
ಜೂನ್ 9