ನಿಮ್ಮ ಪಹಣಿ, ಆಧಾರ್, ಫೋನ್ ನಂಬರ್ ನಮ್ಮಲ್ಲಿ ಹೇಗಿರುತ್ತವೆ: ಹನಿ ನೀರಾವರಿ ಗ್ರಾಹಕರಿಗೆ ತಿಳಿವಳಿಕೆ ಪತ್ರ

ಕೋಲಾರ, 2 ಫೆಬ್ರುವರಿ 2026

ಮಾನ್ಯ ಗ್ರಾಹಕರೇ,

ಡ್ರಿಪ್ ಸಬ್ಸಿಡಿಗೆ ಅರ್ಜಿ ಹಾಕುವಾಗ ನೀವು ನಮ್ಮ ಅಂಗಡಿಯಲ್ಲಿ ಒಂದು ಇಂಗ್ಲಿಷ್ ಫಾರಂಗೆ ಸಹಿ ಹಾಕಿದ್ದೀರಿ. ಅದರ ಹಿಂಬದಿಯ ಸಣ್ಣ ಅಕ್ಷರದ ಬರಹವೇ ನಮ್ಮ ಖಾಸಗಿತನ ನೀತಿ. ಅದನ್ನು ಓದಿ ಸಹಿ ಹಾಕಿದವರು ಬಹಳ ಕಡಿಮೆ. ತಪ್ಪು ನಿಮ್ಮದಲ್ಲ; ಓದಲಾಗದ ಭಾಷೆಯಲ್ಲಿ ಕೊಟ್ಟವರು ನಾವು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯ ಪ್ರಕಾರ, ಒಪ್ಪಿಗೆ ಕೇಳುವ ಪತ್ರವನ್ನು ಇಂಗ್ಲಿಷಿನಲ್ಲಾಗಲಿ ಸಂವಿಧಾನದ ಎಂಟನೇ ಅನುಸೂಚಿಯ ಯಾವುದೇ ಭಾಷೆಯಲ್ಲಾಗಲಿ ಓದುವ ಆಯ್ಕೆ ನಿಮಗಿರಬೇಕು. ಕನ್ನಡ ಆ ಅನುಸೂಚಿಯಲ್ಲಿದೆ. ಕಾಯಿದೆಯ ಹೆಚ್ಚಿನ ಹೊಣೆಗಳು ಜಾರಿಗೆ ಬರಲು 2027ರ ಮೇ ತನಕ ಕಾಲಾವಕಾಶವಿದೆ. ಅಲ್ಲಿಯವರೆಗೆ ಕಾಯದೆ ಈಗಲೇ ಕನ್ನಡದಲ್ಲಿ ಕೊಡುತ್ತಿದ್ದೇವೆ.

ಹೊಣೆ ಯಾರದು

ಇಂಗ್ಲಿಷ್ ಪ್ರತಿಯಲ್ಲಿ ನಮ್ಮನ್ನು ‘ಡೇಟಾ ಕಂಟ್ರೋಲರ್’ ಎಂದು ಬರೆಯಲಾಗಿತ್ತು. ಅದು ಯುರೋಪಿನ ಕಾನೂನಿನ ಮಾತು. ನಮ್ಮ ಕಾಯಿದೆಯಲ್ಲಿರುವುದು ‘ಡೇಟಾ ಫಿಡ್ಯೂಷಿಯರಿ’. ಮೊದಲ ಕರಡಿನಲ್ಲಿ ‘ದತ್ತಾಂಶ ನಿಯಂತ್ರಕ’ ಎಂದು ಬರೆದಿದ್ದೆವು. ಶ್ರೀನಿವಾಸಪುರ ಕಡೆಯ ಮಾವಿನ ಬೆಳೆಗಾರರೊಬ್ಬರು ಅದನ್ನು ಓದಿ, ‘ಹಾಗಾದರೆ ನನ್ನ ಪಹಣಿ ನಿಮ್ಮ ಹಿಡಿತಕ್ಕೆ ಬಂತೇ? ಅದರ ಮೇಲೆ ಸಾಲ ತೆಗೆಯುತ್ತೀರಾ?’ ಎಂದು ಕೇಳಿದರು. ಆ ಪದವನ್ನು ಅಂದೇ ಹೊಡೆದು ಹಾಕಿದೆವು. ಈ ಪತ್ರದಲ್ಲಿ ನಾವು ‘ಮಾಹಿತಿಯ ಹೊಣೆಗಾರರು’. ಮಾಹಿತಿ ನಿಮ್ಮದೇ, ಅದನ್ನು ಯಾವ ಕೆಲಸಕ್ಕೆ, ಹೇಗೆ ಬಳಸಬೇಕೆಂದು ತೀರ್ಮಾನಿಸುವವರು ನಾವಾದ್ದರಿಂದ ಅದಕ್ಕೆ ಉತ್ತರ ಹೇಳಬೇಕಾದವರೂ ನಾವೇ. ಪೈಪು ಜೋಡಿಸಲು ಬರುವ ಫಿಟ್ಟರ್‌ಗೆ ನಿಮ್ಮ ಹೆಸರು, ಊರು, ನಂಬರ್ ಕೊಡುತ್ತೇವೆ. ಅವರ ಕೈಯಿಂದ ಅದು ಸೋರಿದರೂ ಕೇಳಬೇಕಾದದ್ದು ನಮ್ಮನ್ನೇ. ನಿಮ್ಮ ಪಹಣಿಯನ್ನು ಸಬ್ಸಿಡಿ ಅರ್ಜಿಯೊಡನೆ ತೋಟಗಾರಿಕೆ ಇಲಾಖೆಗೆ ಬಿಟ್ಟು ಬೇರೆ ಯಾರಿಗೂ ಕೊಡುವುದಿಲ್ಲ. ಯಾವ ಬ್ಯಾಂಕಿಗೂ, ಬಡ್ಡಿ ವ್ಯವಹಾರದವರಿಗೂ ಕೊಡುವುದಿಲ್ಲ.

ಒಪ್ಪಿಗೆ ಎಂದರೆ

ಯಾವ ಕಾಗದ ಯಾವ ಕೆಲಸಕ್ಕೆ ಎಂದು ತಿಳಿದು, ಯಾರ ಒತ್ತಾಯವೂ ಇಲ್ಲದೆ, ನೀವೇ ಹೇಳುವ ‘ಹೌದು’ ಮಾತ್ರ ಒಪ್ಪಿಗೆ. ನೀವು ಸುಮ್ಮನಿದ್ದರೆ ಅದನ್ನು ಒಪ್ಪಿಗೆಯೆಂದು ಎಣಿಸುವಂತಿಲ್ಲ. ಹಳೆಯ ಫಾರಂನಲ್ಲಿ ಸಬ್ಸಿಡಿ ಅರ್ಜಿಗೂ ಜಾಹೀರಾತು ಸಂದೇಶಗಳಿಗೂ ಸೇರಿ ಒಂದೇ ಸಹಿ ಇತ್ತು. ಅದು ಸರಿಯಲ್ಲ. ಈಗ ಎರಡಕ್ಕೂ ಬೇರೆ ಬೇರೆ ಸಹಿ. ಗೊಬ್ಬರ, ಬೀಜದ ಸಂದೇಶ ಬೇಡವೆಂದರೂ ನಿಮ್ಮ ಅರ್ಜಿ ಒಂದು ದಿನವೂ ತಡವಾಗುವುದಿಲ್ಲ.

ಇನ್ನೊಂದು ಮುಖ್ಯ ವಿಷಯ. ಎಷ್ಟೋ ಮನೆಗಳಲ್ಲಿ ಜಮೀನು ತಂದೆಯ ಹೆಸರಿನಲ್ಲಿ, ಫೋನು ಮಗನ ಕೈಯಲ್ಲಿ. ಮಗ ಓಟಿಪಿ ಹೇಳಿದ ಮಾತ್ರಕ್ಕೆ ತಂದೆ ಒಪ್ಪಿದಂತಾಗುವುದಿಲ್ಲ. ಓದಲು ಬಾರದವರಿಗೆ ನಮ್ಮ ಸಿಬ್ಬಂದಿ ಇಡೀ ಪತ್ರವನ್ನು ಓದಿ ಹೇಳಬೇಕು. ಅದಾದ ಮೇಲೆಯೇ ಸಹಿ ಅಥವಾ ಹೆಬ್ಬೆಟ್ಟು. ಅವಸರ ಮಾಡಿದರೆ ದಯವಿಟ್ಟು ಸಹಿ ಹಾಕಬೇಡಿ.

ಕೊಟ್ಟ ಒಪ್ಪಿಗೆಯನ್ನು ಯಾವಾಗ ಬೇಕಾದರೂ ಹಿಂಪಡೆಯಬಹುದು. ಬಿಲ್ಲಿನ ಮೇಲಿರುವ ನಂಬರಿಗೆ ಒಂದು ಫೋನ್ ಮಾಡಿದರೆ ಸಾಕು. ಅಷ್ಟರೊಳಗೆ ಆಗಿಹೋದ ಕೆಲಸ ಆದಂತೆಯೇ ಇರುತ್ತದೆ. ಪಹಣಿಯ ಒಪ್ಪಿಗೆಯನ್ನು ನಡುವೆ ಹಿಂಪಡೆದರೆ ಸಬ್ಸಿಡಿ ಅರ್ಜಿ ಮುಂದುವರಿಯುವುದಿಲ್ಲ. ಪೂರ್ತಿ ಹಣ ಕೊಟ್ಟು ಪೈಪು ಕೊಳ್ಳುವುದಕ್ಕೆ ಅಡ್ಡಿಯಿಲ್ಲ.

ಎಷ್ಟು ಕಾಲ ಇಟ್ಟುಕೊಳ್ಳುತ್ತೇವೆ

ಬಿಲ್ಲುಗಳನ್ನು ನಾವು ಬಯಸಿದರೂ ಬೇಗ ಅಳಿಸುವಂತಿಲ್ಲ. ವಾರ್ಷಿಕ ಲೆಕ್ಕ ಸಲ್ಲಿಸುವ ಕೊನೆಯ ದಿನದಿಂದ 72 ತಿಂಗಳು ಅವನ್ನು ಇಡಬೇಕೆಂದು ಜಿಎಸ್‌ಟಿ ಕಾನೂನು ಹೇಳುತ್ತದೆ. 2025ರ ಜೂನ್‌ನಲ್ಲಿ ಕೊಂಡ ಪೈಪಿನ ವಾರ್ಷಿಕ ಲೆಕ್ಕಕ್ಕೆ 2026ರ ಡಿಸೆಂಬರ್ 31 ಕೊನೆಯ ದಿನ. ಹಾಗಾಗಿ ಆ ಬಿಲ್ಲು 2032ರ ಕೊನೆಯವರೆಗೆ ಇರುತ್ತದೆ. ಆಧಾರ್, ಪಹಣಿ, ಪಾಸ್‌ಬುಕ್‌ಗಳ ಸ್ಕ್ಯಾನ್ ಪ್ರತಿಗಳು ಹಾಗಲ್ಲ. ಸಬ್ಸಿಡಿ ಮಂಜೂರಾಗಲಿ, ತಿರಸ್ಕಾರವಾಗಲಿ, ಅಂದಿನಿಂದ ಒಂದು ವರ್ಷಕ್ಕೆ ಅಳಿಸುತ್ತೇವೆ. ಕಾಗದದ ನಕಲುಗಳನ್ನು ಕೆಲಸ ಮುಗಿದೊಡನೆ ನಿಮ್ಮ ಕೈಗೇ ಕೊಡುತ್ತೇವೆ. ಹಿಂದೆ ಅವು ಕಪಾಟಿನಲ್ಲಿ ವರ್ಷಗಟ್ಟಲೆ ಬಿದ್ದಿರುತ್ತಿದ್ದವು. ಅದಕ್ಕೆ ಕ್ಷಮೆ ಕೋರುತ್ತೇವೆ.

ನಮ್ಮಲ್ಲಿ ಏನೇನಿದೆ ಎಂದು ಕೇಳುವ, ತಪ್ಪಿದ್ದರೆ ತಿದ್ದಿಸುವ ಹಕ್ಕು ನಿಮಗಿದೆ. ನಿಮ್ಮ ಕಾಲಾನಂತರ ಈ ಹಕ್ಕುಗಳನ್ನು ಯಾರು ಚಲಾಯಿಸಬೇಕೆಂದು ಹೆಸರಿಸಲೂಬಹುದು. ದೂರಿಗೆ 15 ದಿನಗಳಲ್ಲಿ ಬರಹದಲ್ಲಿ ಉತ್ತರ ಕೊಡುತ್ತೇವೆ. ಉತ್ತರ ಸಮಾಧಾನ ತರದಿದ್ದರೆ ಭಾರತೀಯ ದತ್ತಾಂಶ ಸಂರಕ್ಷಣಾ ಮಂಡಳಿಗೆ ಹೋಗಬಹುದು.

ಹಳೆಯ ಫಾರಂಗೆ ಸಹಿ ಹಾಕಿದವರ ಜಾಹೀರಾತು ಒಪ್ಪಿಗೆಯನ್ನು ಇಂದಿನಿಂದ ರದ್ದು ಮಾಡಿದ್ದೇವೆ. ಸಂದೇಶ ಬೇಕಾದವರು ಬಂಗಾರಪೇಟೆ ರಸ್ತೆಯ ಅಂಗಡಿಗೆ ಬಂದು ಹೊಸ ಫಾರಂನಲ್ಲಿ ಎರಡನೆಯ ಸಹಿ ಹಾಕಿ. ಉಳಿದವರು ಏನೂ ಮಾಡಬೇಕಾಗಿಲ್ಲ.

ವ್ಯವಸ್ಥಾಪಕರು, ಕೋಲಾರ ಶಾಖೆ