ಕಟ್ಟ ಸಮಿತಿಯ ಅಧ್ಯಕ್ಷತೆ ಹಸ್ತಾಂತರ: ಕಾರ್ಯದರ್ಶಿಯ ಮಾತು

ಹಿರಿಯರೇ, ಏಳೂ ಕಟ್ಟಗಳ ಪಾಲುದಾರರೇ, ಎಲ್ಲರಿಗೂ ನಮಸ್ಕಾರ.

18 ವರ್ಷ ಸಮಿತಿಯನ್ನು ನಡೆಸಿದ ನಮ್ಮ ಭಟ್ಟಣ್ಣ ಇವತ್ತು ಅಧ್ಯಕ್ಷ ಸ್ಥಾನದಿಂದ ಇಳಿಯುತ್ತಿದ್ದಾರೆ. ಕಾಸರಗೋಡಿನಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿನ ಹತ್ತಿರ ಮಳೆ ಸುರಿದರೂ ಮಾರ್ಚ್ ಬಂತೆಂದರೆ ಅಡಿಕೆ ತೋಟಕ್ಕೆ ನೀರಿಲ್ಲ. ಗುಡ್ಡದಿಂದ ಇಳಿದದ್ದೆಲ್ಲ ತೋಡು ಹಿಡಿದು ಸಮುದ್ರ ಸೇರುತ್ತದೆ. ತೋಡಿಗೆ ಅಡ್ಡಲಾಗಿ ಕಲ್ಲು ಮಣ್ಣಿನ ಕಟ್ಟ ಹಾಕಿ ಅದನ್ನು ತಡೆಯುವ ಕೆಲಸದಲ್ಲಿ ಭಟ್ಟಣ್ಣನ ದೊಡ್ಡ ವಿದ್ಯೆ ದಿನ ನಿಶ್ಚಯಿಸುವುದು. ತುಲಾಮಳೆ ಪೂರ್ತಿ ನಿಲ್ಲುವ ಮೊದಲು ಕಟ್ಟಿದರೆ ಒಂದೇ ಜಡಿಮಳೆಗೆ ಮಣ್ಣು ಕೊಚ್ಚಿ ಹೋಗುತ್ತದೆ. ಮಕರ ತಿಂಗಳು ದಾಟಿಸಿದರೆ ಹರಿವು ಸೊರಗಿ ಕಟ್ಟ ತುಂಬುವುದೇ ಇಲ್ಲ. ಅವರು ಕ್ಯಾಲೆಂಡರ್ ನೋಡಿ ದಿನ ಹೇಳಿದವರಲ್ಲ, ತೋಡಿಗಿಳಿದು ನೀರು ನೋಡಿ ಹೇಳಿದವರು.

ಇನ್ನೊಂದು ಅವರ ಹಠ. ಮರಳು, ಕೊಳೆತ ಎಲೆ ಎಲ್ಲ ತೆಗೆದು ಅಡಿಬಂಡೆ ಕಾಣುವ ತನಕ ಒಂದು ಕಲ್ಲೂ ಇಡಬಾರದು. ತಳದಲ್ಲಿ ಮರಳು ಉಳಿದರೆ ನೀರು ಅದರೊಳಗೇ ದಾರಿ ಮಾಡಿಕೊಳ್ಳುತ್ತದೆ, ಮೇಲೆ ಗಟ್ಟಿ ಕಂಡ ಕಟ್ಟದ ಬುಡ ಕಳಚುತ್ತದೆ. ಎರಡು ಸಾಲು ಕಲ್ಲು, ನಡುವೆ ತುಳಿದು ಕೂರಿಸಿದ ಒದ್ದೆ ಮಣ್ಣು, ನೀರಿನ ಬದಿಗೆ ಶೀಟು: ಈ ಕ್ರಮವನ್ನು ಅವರು ಒಂದು ವರ್ಷವೂ ಸಡಿಲಿಸಲಿಲ್ಲ. ಕೆಳಗಿನ ತೋಟಗಳ ಬಾವಿಯಲ್ಲಿ ಏಪ್ರಿಲಿನಲ್ಲೂ ಒರತೆ ಉಳಿದದ್ದು ಆ ಹಠದ ಫಲ. ಅಣ್ಣ, ಸಮಿತಿ ನಿಮಗೆ ಋಣಿ.

ಮುಂದಿನ ಅಧ್ಯಕ್ಷೆಯನ್ನು ನಿಮಗೆ ಹೊಸದಾಗಿ ಪರಿಚಯಿಸಬೇಕಾಗಿಲ್ಲ. ಆರು ವರ್ಷ ಖಜಾಂಚಿಯಾಗಿ ಲೆಕ್ಕ ಇಟ್ಟವರು, ಮೂರನೇ ಕಟ್ಟದ ಪಾಲುದಾರರು, ನಾವೆಲ್ಲ ಅಕ್ಕ ಎಂದೇ ಕರೆಯುವವರು. ಪ್ರತಿ ಭಾನುವಾರ 12 ಬಾವಿಗಳಿಗೆ ಹಗ್ಗ ಇಳಿಸಿ ನೀರಿನ ಮಟ್ಟ ಬರೆದಿಟ್ಟವರೂ ಅವರೇ. ಯಾವ ಕಟ್ಟ ಸೋರುತ್ತದೆ ಎಂಬ ಜಗಳ ಆ ಪುಸ್ತಕ ತೆರೆದ ಮೇಲೆ ನಿಂತಿತು.

ಅಕ್ಕ ಈ ವರ್ಷಕ್ಕೆ ಮೂರು ವಿಷಯ ಹೇಳಿದ್ದಾರೆ. ನಾಲ್ಕು ಮತ್ತು ಐದನೇ ಕಟ್ಟದ ಹಿಂದೆ ಹೂಳು ಮೊಣಕಾಲೆತ್ತರ ತುಂಬಿದೆ. ಕಟ್ಟುವ ಮೊದಲು ಅದನ್ನು ತೆಗೆಯಬೇಕು. ತೂತು ಬಿದ್ದ ಶೀಟುಗಳಿಗೆ ತೇಪೆ ಸಾಕು, ಸೀಳಿದ ಎರಡನ್ನು ಮಾತ್ರ ಹೊಸದು ತರುವುದು. ಮೂರನೆಯದು ಕಷ್ಟದ್ದು: ಪಾಲನ್ನು ಮನೆ ಲೆಕ್ಕ ಬಿಟ್ಟು ಅಡಿಕೆ ಮರದ ಲೆಕ್ಕದಲ್ಲಿ ಹಾಕುವುದು. 200 ಮರದವರೂ 2,000 ಮರದವರೂ ಒಂದೇ ಹಣ ಕೊಡುವುದು ಸರಿಯಲ್ಲ. ಬೋರ್‌ವೆಲ್ ಇದೆಯೆಂದು ಹಿಂದೆ ಸರಿದವರ ಮನೆಗೂ ಅಕ್ಕ ಹೋಗುತ್ತಾರೆ. ಕಟ್ಟ ತುಂಬಿದರೆ ಆ ಬೋರಿಗೂ ನೀರು ಇಂಗುತ್ತದಲ್ಲ.

ದಿನ ನಿಶ್ಚಯಿಸಲು ಈ ಸಲ ಭಟ್ಟಣ್ಣನೂ ಜೊತೆಗೆ ತೋಡಿಗೆ ಇಳಿಯಲು ಒಪ್ಪಿದ್ದಾರೆ.

ಅಣ್ಣ, ಕಟ್ಟದ ಲೆಕ್ಕಪುಸ್ತಕವನ್ನು ಅಕ್ಕನ ಕೈಗೆ ಕೊಡಿ. ಅಕ್ಕ, ಮುಂದೆ ಬನ್ನಿ.